ಸಕಲೇಶಪುರದಲ್ಲಿ ಕಳೆದ 55 ನಿಮಿಷ

ಪ್ರಶ್ನೆ: ಹೆದ್ದಾರಿಯ ಫಾಸ್ಟ್ ಚಾರ್ಜರ್‌ಗಳಲ್ಲಿ 80% ಆದ ಮೇಲೆ ವೇಗ ಏಕೆ ಬಿದ್ದುಹೋಗುತ್ತದೆ? ಚಾರ್ಜರ್‌ನವರು ಬೇಕೆಂದೇ ಹೀಗೆ ಮಾಡುತ್ತಾರೆಯೇ? 100% ವರೆಗೂ ಒಂದೇ ವೇಗದಲ್ಲಿ ತುಂಬಿಸುವ ಚಾರ್ಜರ್ ಇದ್ದರೆ ತಿಳಿಸಿ.

ಇದೇ ಅನುಮಾನ ತಲೆಗೇರಿ ನಾನು ಸಕಲೇಶಪುರದಲ್ಲಿ ಒಬ್ಬ ಹುಡುಗನ ಮೇಲೆ ಕೂಗಾಡಿದ್ದೇನೆ. ಹೋಟೆಲೊಂದರ ಅಂಗಳದ ಚಾರ್ಜರ್ ನೋಡಿಕೊಳ್ಳುವ ಹುಡುಗ. ಎಲೆಕ್ಟ್ರಿಕ್ ಕಾರು ಕೊಂಡು ಎರಡು ತಿಂಗಳಾಗಿತ್ತು. ಬೆಳಗ್ಗೆ ಆರಕ್ಕೆ ಬೆಂಗಳೂರು ಬಿಟ್ಟು, ಮಧ್ಯಾಹ್ನದ ಊಟದ ಹೊತ್ತಿಗೆ ಮಂಗಳೂರಿನಲ್ಲಿ ನಾದಿನಿಯ ನಿಶ್ಚಿತಾರ್ಥಕ್ಕೆ ಇರಬೇಕಿತ್ತು. ಹತ್ತೂವರೆಗೆ ಸಕಲೇಶಪುರ ತಲುಪಿದಾಗ ಬ್ಯಾಟರಿ 18%. ನನ್ನದು 40 ಯುನಿಟ್ ಬ್ಯಾಟರಿ. ಚಾರ್ಜರ್ 50 ಕಿಲೋವಾಟ್‌ನದು. ಗನ್ ಸಿಕ್ಕಿಸಿ, ಇಡ್ಲಿ ತಿಂದು, ಕಾಫಿ ಕುಡಿದು ಬರುವಷ್ಟರಲ್ಲಿ 80% ಆಗಿತ್ತು. ಬರೀ 40 ನಿಮಿಷ. 'ಇನ್ನು ಇಪ್ಪತ್ತು ತಾನೇ, ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ' ಎಂದು ಮನೆಯವಳಿಗೆ ಹೇಳಿದೆ. ಆ 20% ತುಂಬಲು 55 ನಿಮಿಷ ಹಿಡಿಯಿತು.

ಪರದೆಯ ಮೇಲೆ ಕಿಲೋವಾಟ್ ಇಳಿಯುತ್ತಾ ಹೋದಂತೆ ನನ್ನ ಸಿಟ್ಟು ಏರಿತು. ಚಾರ್ಜರ್ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಜಗಳವಾಡಿದೆ. ಗನ್ ಕಿತ್ತು ಮತ್ತೆ ಸಿಕ್ಕಿಸಿದೆ. ಎರಡು ನಿಮಿಷ ದಂಡವಾಯಿತೇ ಹೊರತು ವೇಗ ಬರಲಿಲ್ಲ. ಆ ಹುಡುಗ ಮೆಲ್ಲಗೆ, 'ಸರ್, ಕರೆಂಟ್ ಎಷ್ಟು ಬೇಕು ಅಂತ ಕೇಳುವುದು ನಿಮ್ಮ ಕಾರು, ನಮ್ಮ ಮಷಿನ್ ಅಲ್ಲ' ಎಂದ. ನಾನು ನಂಬಲಿಲ್ಲ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಗನ್ನಿನೊಳಗಿನ ಸಂಪರ್ಕದ ಮೂಲಕ ಬ್ಯಾಟರಿಯನ್ನು ಕಾಯುವ ಕಾರಿನ ನಿಯಂತ್ರಣ ವ್ಯವಸ್ಥೆ, ಅಂದರೆ ಬಿಎಂಎಸ್, ಕ್ಷಣಕ್ಷಣಕ್ಕೂ ಇಷ್ಟು ಆಂಪಿಯರ್ ಕೊಡು ಎಂದು ಹೇಳುತ್ತಿರುತ್ತದೆ. ಚಾರ್ಜರ್ ತನ್ನ ಮಿತಿಯೊಳಗೆ ಅಷ್ಟನ್ನು ಮಾತ್ರ ಕೊಡುತ್ತದೆ.

ಕಾರು ಏಕೆ ಕಡಿಮೆ ಕೇಳುತ್ತದೆ ಎಂಬುದೇ ವಿಷಯ. ನನ್ನ ಬ್ಯಾಟರಿಯಲ್ಲಿ 96 ಸೆಲ್‌ಗಳು ಸಾಲಾಗಿವೆ. ಒಂದೊಂದು ಸೆಲ್ಲೂ 4.2 ವೋಲ್ಟ್ ಮೀರಬಾರದು, ಅಂದರೆ ಒಟ್ಟು ಸುಮಾರು 403 ವೋಲ್ಟ್ ಗಡಿ. ಅಂದು ಆರಂಭದಲ್ಲಿ ಪರದೆ 350 ವೋಲ್ಟ್, 120 ಆಂಪಿಯರ್ ತೋರಿಸುತ್ತಿತ್ತು: 42 ಕಿಲೋವಾಟ್. ಸೆಲ್ ತುಂಬಿದಂತೆ ಅದರ ವೋಲ್ಟೇಜ್ ಏರುತ್ತದೆ, ಅದರ ಮೇಲೆ ಕರೆಂಟ್ ನೂಕುವುದಕ್ಕೆಂದೇ ಇನ್ನಷ್ಟು ವೋಲ್ಟೇಜ್ ಬೇಕು. ಎರಡೂ ಸೇರಿ ಗಡಿ ಮುಟ್ಟಿದ ಮೇಲೆ ಉಳಿಯುವುದು ಒಂದೇ ದಾರಿ, ಕರೆಂಟ್ ಇಳಿಸುವುದು. 85% ಹೊತ್ತಿಗೆ 398 ವೋಲ್ಟ್, 50 ಆಂಪಿಯರ್. 95% ಹೊತ್ತಿಗೆ 402 ವೋಲ್ಟ್, ಬರೀ 15 ಆಂಪಿಯರ್, ಅಂದರೆ 6 ಕಿಲೋವಾಟ್. ಮನೆಯ 3.3 ಕಿಲೋವಾಟ್ ಚಾರ್ಜರ್‌ಗಿಂತ ಎರಡು ಪಟ್ಟೂ ಇಲ್ಲ! ಮನೆಯಲ್ಲಿ ಈ ಇಳಿತ ಕಣ್ಣಿಗೆ ಬೀಳದಿರುವುದಕ್ಕೂ ಇದೇ ಕಾರಣ. ಅಲ್ಲಿ ಬ್ಯಾಟರಿಗೆ ಹೋಗುವುದೇ ಎಂಟು ಆಂಪಿಯರ್, ಇಳಿಸಲು ಏನಿದೆ?

ಗಡಿ ಮೀರಿದರೆ ಏನಾಗುತ್ತದೆ? ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್‌ನ ಪದರಗಳ ನಡುವೆ ಹೊಕ್ಕು ಕೂರುತ್ತವೆ. ಚೀಲಕ್ಕೆ ಭತ್ತ ತುಂಬಿದವರಿಗೆ ಇದು ಗೊತ್ತು. ಮೊದಲು ಮೊರದಲ್ಲೇ ಸುರಿಯಬಹುದು. ಬಾಯಿ ಹತ್ತಿರ ಬಂದಾಗ ಕುಲುಕಿ, ಒತ್ತಿ, ಬೊಗಸೆ ಬೊಗಸೆಯಾಗಿ ಹಾಕಬೇಕು. ಹಾಗೆಯೇ, ಗ್ರಾಫೈಟ್ ತುಂಬುತ್ತಾ ಬಂದಾಗಲೂ ಅಯಾನುಗಳನ್ನು ಅದೇ ರಭಸದಿಂದ ನೂಕಿದರೆ ಅವು ಒಳಗೆ ಇಳಿಯಲಾರದೆ ಮೇಲ್ಮೈಯಲ್ಲೇ ಲೋಹದ ಲಿಥಿಯಂ ಆಗಿ ಅಂಟಿಕೊಳ್ಳುತ್ತವೆ. ಚೆಲ್ಲಿದ ಭತ್ತವನ್ನು ಬಾಚಿ ಹಾಕಬಹುದು. ಹೀಗೆ ಅಂಟಿದ ಲಿಥಿಯಂನಲ್ಲಿ ಒಂದಷ್ಟು ಮರಳಿ ಬರುವುದೇ ಇಲ್ಲ, ಅಷ್ಟರಮಟ್ಟಿಗೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಹೋಯಿತು. ಅದು ಸೂಜಿಯಂತೆ ಬೆಳೆದು ಎರಡು ಧ್ರುವಗಳ ನಡುವಿನ ತೆಳು ಪರದೆಯನ್ನು ಚುಚ್ಚಿದರೆ ಒಳಗೇ ಶಾರ್ಟ್ ಆಗುತ್ತದೆ. ಬ್ಯಾಟರಿ ತಣ್ಣಗಿದ್ದಷ್ಟೂ ಈ ಅಪಾಯ ಹೆಚ್ಚು.

ಈಗ ನನ್ನ ನಿಜವಾದ ತಪ್ಪಿಗೆ ಬರುತ್ತೇನೆ. ಕಾದದ್ದಷ್ಟೇ ಅಲ್ಲ, ಲೆಕ್ಕವನ್ನೇ ಹಾಕದೆ ಕಾದೆ. ಹದಿನೈದು ವರ್ಷ ಪೆಟ್ರೋಲ್ ಬಂಕಿನಲ್ಲಿ 'ಫುಲ್ ಮಾಡಪ್ಪಾ' ಎಂದು ಹೇಳಿದ ಬಾಯಿ ನನ್ನದು. ಸಕಲೇಶಪುರದಿಂದ ಮಂಗಳೂರಿಗೆ ಸುಮಾರು 130 ಕಿಲೋಮೀಟರ್. ಯುನಿಟ್‌ಗೆ ಏಳು ಕಿಲೋಮೀಟರ್ ಎಂದರೂ ಹತ್ತೊಂಬತ್ತು ಯುನಿಟ್ ಸಾಕು, ಬ್ಯಾಟರಿಯ ಅರ್ಧವೂ ಬೇಡ. 80% ಇದ್ದಾಗಲೇ ಹೊರಟಿದ್ದರೆ ಶೇಕಡಾ ಮೂವತ್ತಕ್ಕೂ ಹೆಚ್ಚು ಉಳಿದಿರುತ್ತಿತ್ತು. ಸಾಲದ್ದಕ್ಕೆ, ಮುಂದಿರುವುದು ಶಿರಾಡಿ ಘಾಟಿ! ಸುಮಾರು 800 ಮೀಟರ್ ಇಳಿತ. ಜನ, ಸಾಮಾನು ಸೇರಿ 1,700 ಕಿಲೋ ತೂಗುವ ಕಾರು ಅಷ್ಟು ಇಳಿದರೆ ಮೂರೂವರೆ ಯುನಿಟ್‌ಗೂ ಹೆಚ್ಚು ಶಕ್ತಿ ಬಿಡುಗಡೆಯಾಗುತ್ತದೆ. ಎಲ್ಲವೂ ಬ್ಯಾಟರಿಗೆ ಮರಳದಿದ್ದರೂ, ಘಾಟಿ ಇಳಿಯುವ ಖರ್ಚನ್ನು ಅದೇ ನೋಡಿಕೊಳ್ಳುತ್ತದೆ.

ನಾನು ಮಾತ್ರ 100% ತುಂಬಿಸಿಕೊಂಡು ದೋಣಿಗಾಲ್ ದಾಟಿದೆ. ಆಕ್ಸಿಲರೇಟರ್ ಬಿಟ್ಟರೆ ಎಂದಿನಂತೆ ಕಾರು ಹಿಡಿದಂತಾಗಲಿಲ್ಲ, ಸುಮ್ಮನೆ ಜಾರಿತು. ರೀಜೆನ್, ಅಂದರೆ ಚಕ್ರದ ಓಟದಿಂದ ಬ್ಯಾಟರಿ ತುಂಬಿಸುತ್ತಾ ಕಾರನ್ನು ನಿಧಾನಗೊಳಿಸುವ ಏರ್ಪಾಡು, ಮಿತಗೊಂಡಿದೆ ಎಂದು ಸೂಚನೆ ಬಂತು. ರೀಜೆನ್ ಎಂದರೂ ಅದು ಚಾರ್ಜಿಂಗೇ ಅಲ್ಲವೇ? ತುಂಬಿದ ಸೆಲ್ ಚಾರ್ಜರ್‌ನಿಂದ ಹೆಚ್ಚು ಕರೆಂಟ್ ತೆಗೆದುಕೊಳ್ಳದು ಎಂದ ಮೇಲೆ ಚಕ್ರದಿಂದ ಬಂದದ್ದನ್ನು ತೆಗೆದುಕೊಂಡೀತೇ? ಇಳಿಜಾರಿನಲ್ಲಿ ಖರ್ಚೂ ಇಲ್ಲದ್ದರಿಂದ 98ರಿಂದ ಕೆಳಗೆ ಇಳಿಯಲೇ ಇಲ್ಲ. ಘಾಟಿಯ ಬುಡದ ಗುಂಡ್ಯದವರೆಗೂ ಬ್ರೇಕ್ ತುಳಿದುಕೊಂಡೇ ಬಂದೆ. ಕೆಳಗೆ ನಿಲ್ಲಿಸಿದಾಗ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ನಿಶ್ಚಿತಾರ್ಥದ ಊಟಕ್ಕೆ ಹೋದಾಗ ಎಲೆ ಎತ್ತುತ್ತಿದ್ದರು. ಅತ್ತೆ ಇಂದಿಗೂ ಅದನ್ನು ನೆನಪಿಸುತ್ತಾರೆ.

ಇನ್ನೊಂದು ನಾಚಿಕೆಯ ಸಂಗತಿ. ನನ್ನ ಹಿಂದೆ 12% ಇಟ್ಟುಕೊಂಡು, ಮಗುವಿನೊಂದಿಗೆ ಒಂದು ಸಂಸಾರ ಕಾಯುತ್ತಿತ್ತು. ಆ 55 ನಿಮಿಷದಲ್ಲಿ ನಾನು ಎಳೆದದ್ದು ಎಂಟು ಯುನಿಟ್. ಅಷ್ಟೇ ಹೊತ್ತಿನಲ್ಲಿ ಅವರ ಬರಿದಾದ ಬ್ಯಾಟರಿಗೆ ಅದರ ಮೂರು ಪಟ್ಟಿಗೂ ಹೆಚ್ಚು ತುಂಬುತ್ತಿತ್ತು.

ಆದ್ದರಿಂದ 100% ವರೆಗೂ ಒಂದೇ ವೇಗದ ಚಾರ್ಜರ್ ಹುಡುಕಬೇಡಿ, ಅಂಥದ್ದು ಇಲ್ಲ. 120 ಕಿಲೋವಾಟ್‌ನದ್ದಕ್ಕೆ ಸಿಕ್ಕಿಸಿದರೂ 95% ಹೊತ್ತಿಗೆ ನಿಮ್ಮ ಕಾರು ಕೇಳುವುದು ಅಷ್ಟೇ. ಚಾರ್ಜರ್ ಮೇಲೇ ಅನುಮಾನವಿದ್ದರೆ ಪರದೆಯಲ್ಲಿ ಎರಡು ಅಂಕಿ ನೋಡಿ. ವೋಲ್ಟೇಜ್ ಗಡಿಯ ಹತ್ತಿರವಿದ್ದು ಆಂಪಿಯರ್ ಕಡಿಮೆಯಿದ್ದರೆ ಅದು ಸಹಜ ಇಳಿತ. 40 ಶೇಕಡಾದಲ್ಲೇ, ವೋಲ್ಟೇಜ್ ಇನ್ನೂ ಕೆಳಗಿರುವಾಗಲೇ ಆಂಪಿಯರ್ ಕುಸಿದರೆ ಮಾತ್ರ ಕೇಳಿ: ಪಕ್ಕದ ಗನ್ನಿನೊಂದಿಗೆ ಹಂಚಿಕೆಯಾಗುತ್ತಿರಬಹುದು, ಬ್ಯಾಟರಿ ತುಂಬಾ ಬಿಸಿಯಾಗಿರಬಹುದು, ಅಥವಾ ಚಾರ್ಜರೇ ಕೆಟ್ಟಿರಬಹುದು. ನಿಮ್ಮದು ಎಲ್‌ಎಫ್‌ಪಿ ಎಂಬ ಬೇರೆ ಬಗೆಯ ಲಿಥಿಯಂ ಬ್ಯಾಟರಿಯಾದರೆ ಸೆಲ್‌ನ ಗಡಿ 3.65 ವೋಲ್ಟ್, ಅದರ ಶೇಕಡಾ ಲೆಕ್ಕ ಸರಿಯಾಗಿರಲು ಆಗಾಗ ಪೂರ್ತಿ ತುಂಬಿಸಬೇಕು, ನಿಜ. ಅದನ್ನು ರಾತ್ರಿ ಮನೆಯಲ್ಲಿ ಮಾಡಿ, ಹೆದ್ದಾರಿಯಲ್ಲಿ ಅಲ್ಲ. ಮುಂದಿನ 200 ಕಿಲೋಮೀಟರ್‌ನಲ್ಲಿ ಬೇರೆ ಚಾರ್ಜರೇ ಇಲ್ಲದಿದ್ದರೆ ಕಾಯಿರಿ, ಬೇರೆ ದಾರಿಯಿಲ್ಲ.

ಕಳೆದ ತಿಂಗಳು ಅದೇ ಹೋಟೆಲಿನಲ್ಲಿ 62% ಆಗುತ್ತಲೇ ಗನ್ ಕಳಚಿದೆ. ಅದೇ ಹುಡುಗ, 'ಇಷ್ಟು ಬೇಗನಾ ಸರ್?' ಎಂದು ನಕ್ಕ. ಗುಂಡ್ಯದಲ್ಲಿ ನೋಡಿದರೆ 64%.