ಶೇರ್ವಾನಿಯ ಕತೆ ಕಳುಹಿಸಿದವರಿಗೆ: ಅಳತೆ ಹೇಳದ ಚಿತ್ರ

"ಮಾನ್ಯ ಸಂಪಾದಕರೇ, ಬದಿಯಡ್ಕ ಕಡೆಯ ಹವ್ಯಕ ಮನೆಯ ಹುಡುಗನೊಬ್ಬ ಶಾರ್ಜಾದಲ್ಲಿದ್ದುಕೊಂಡು, ತಂಗಿಯ ಮದುವೆಗೆ ತೊಡಬೇಕಾದ ಶೇರ್ವಾನಿಯನ್ನು ತನ್ನ ಫೋನಿನ ಫೋಟೋದ ಮೇಲೆ ಕೂರಿಸಿ ನೋಡುವ ಕತೆಯನ್ನು ಕಳುಹಿಸಿದ್ದೇನೆ. ಓದಿದ ಗೆಳೆಯರು ಚೆನ್ನಾಗಿದೆ ಎನ್ನುತ್ತಾರೆ, ಆದರೆ ಕೊನೆ ಮನಸ್ಸಿಗೆ ತಟ್ಟುವುದಿಲ್ಲ ಎಂದೂ ಹೇಳುತ್ತಾರೆ. ತಪ್ಪಿರುವುದು ಎಲ್ಲಿ? ದಾಕ್ಷಿಣ್ಯವಿಲ್ಲದೆ ತಿಳಿಸಿ."

ಪ್ರಿಯರೇ,

ಕತೆಯನ್ನು ಎರಡು ಬಾರಿ ಓದಿದೆ. ಕೊನೆ ತಟ್ಟದಿರುವುದಕ್ಕೆ ಕಾರಣ ಕೊನೆಯ ಪುಟದಲ್ಲಿಲ್ಲ. ಅದು ಮೂರನೆಯ ಪುಟದಲ್ಲಿದೆ. ಕೋಣೆಯ ಜೊತೆಗಾರ ಬಾಗಿಲ ಬಳಿ ನಿಲ್ಲಿಸಿ ತೆಗೆದ ಫೋಟೋವನ್ನು ನಿಮ್ಮ ನಾಯಕ ಅಂಗಡಿಯ ಆ್ಯಪಿಗೆ ಏರಿಸುತ್ತಾನೆ, ಕ್ಷಣದಲ್ಲಿ ಮರೂನ್ ಬಣ್ಣದ ಶೇರ್ವಾನಿ ಅವನ ಮೈಮೇಲೆ ಕಾಣಿಸಿಕೊಳ್ಳುತ್ತದೆ, ಅಲ್ಲಿ ನೀವು "ಅದು ಅವನಿಗೆಂದೇ ಹೊಲಿದಂತಿತ್ತು" ಎಂದು ಬರೆದಿದ್ದೀರಿ. ಮದುವೆಯ ದಿನ ಅವನು ಅದನ್ನು ನಿಜವಾಗಿ ತೊಟ್ಟಾಗಲೂ ಹೆಚ್ಚುಕಡಿಮೆ ಇದೇ ವಾಕ್ಯ ಬರುತ್ತದೆ. ಚಿತ್ರ ಹೇಳಿದ್ದೇ ನಡೆದುಹೋದರೆ, ಈ ಎರಡು ವಾಕ್ಯಗಳ ನಡುವಿನ ಹತ್ತು ಪುಟಗಳಲ್ಲಿ ಓದುಗ ಯಾವುದಕ್ಕಾಗಿ ಕಾಯಬೇಕು?

ಇಂಥ ಚಿತ್ರ ಹೇಗೆ ಮೂಡುತ್ತದೆ ಎಂಬುದನ್ನು ಸ್ವಲ್ಪ ಯೋಚಿಸಿ. ಫೋಟೋದಲ್ಲಿರುವ ಮೈಯ ಆಕಾರವನ್ನು ಗುರುತಿಸಿ, ಬಟ್ಟೆಯ ಚಿತ್ರವನ್ನು ಅದಕ್ಕೆ ಹೊಂದುವಂತೆ ಅಲ್ಲಿ ಎಳೆದು ಇಲ್ಲಿ ಕುಗ್ಗಿಸಿ ಕೂರಿಸಲಾಗುತ್ತದೆ. ಹೆಗಲು ಅಗಲವಾಗಿದ್ದರೆ ಬಟ್ಟೆಯ ಹೆಗಲೂ ಅಗಲವಾಗುತ್ತದೆ, ಹೊಟ್ಟೆ ಮುಂದೆ ಬಂದಿದ್ದರೆ ಗುಂಡಿಗಳ ಸಾಲು ಅದರ ಮೇಲೆಯೂ ನೆಟ್ಟಗೆ ಇಳಿಯುತ್ತದೆ. ಅಂಗಡಿಯಲ್ಲಿ ತೂಗುತ್ತಿರುವುದು 38ರ ಅಳತೆಯದೋ 44ರದೋ ಎಂಬುದು ಆ ಚಿತ್ರದಲ್ಲಿ ತಿಳಿಯುವುದಿಲ್ಲ. ಬಣ್ಣ, ಕಾಲರು, ಕಸೂತಿ ಎದೆಯ ಯಾವ ಭಾಗಕ್ಕೆ ಬರುತ್ತದೆ ಎಂಬಷ್ಟನ್ನು ಅದು ತೋರಿಸಬಲ್ಲದು. ಬಿಗಿ, ಸಡಿಲು, ತೋಳೆತ್ತಿದಾಗ ಕಂಕುಳಲ್ಲಿ ಹಿಡಿಯುವುದು, ಕುಳಿತಾಗ ಮೊಣಕಾಲಿನ ಮೇಲೆ ಬಟ್ಟೆ ನಿಲ್ಲುವ ರೀತಿ, ಇವು ಅದರ ಎಟುಕಿಗೆ ಬರುವುದಿಲ್ಲ. ಹಾಗಾಗಿ "ಅವನಿಗೆಂದೇ ಹೊಲಿದಂತಿತ್ತು" ಎಂಬ ಮಾತು ನಿಮ್ಮ ನಾಯಕನಿಗೆ ಮಾತ್ರವಲ್ಲ, ಫೋಟೋ ತೆಗೆದ ಜೊತೆಗಾರನಿಗೂ ಹೊಂದುತ್ತದೆ. ಅದನ್ನು ನಾಯಕ ನಂಬಬಹುದು, ಬರೆಯುವ ನೀವು ನಂಬಬಾರದು.

ನಿಮ್ಮ ನಿಜವಾದ ಕತೆ ಎರಡನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಅಂಗಡಿಯವರು ಅಳತೆ ಕೇಳಿದಾಗ ಅಬ್ಬೆ ಕಪಾಟಿನಿಂದ ಮಗನ ಹಳೆಯ ಅಂಗಿಯೊಂದನ್ನು ತೆಗೆದು ಕೊಡುತ್ತಾಳೆ. ಆಮೇಲೆ ಆ ಅಂಗಿಯನ್ನು ನೀವು ಮರೆತೇಬಿಟ್ಟಿದ್ದೀರಿ. ಮಗ ಊರು ಬಿಟ್ಟು ಮೂರು ವರ್ಷವಾಯಿತು ಎಂದು ಬರೆದವರೂ ನೀವೇ, ರಾತ್ರಿ ಪಾಳಿ ಮುಗಿಸಿ ಹೋಟೆಲಿನ ಪರೋಟ ತಿಂದು ಮಲಗುತ್ತಾನೆ ಎಂದು ಬರೆದವರೂ ನೀವೇ. ಹಾಗಾದರೆ ಆ್ಯಪಿನ ಚಿತ್ರ ಕೂತಿರುವುದು ಅವನ ಇಂದಿನ ಮೈಮೇಲೆ. ದರ್ಜಿ ಹೊಲಿಯುತ್ತಿರುವುದು ಮೂರು ವರ್ಷದ ಹಿಂದಿನ ಅಂಗಿಗೆ. ಒಂದೇ ಶೇರ್ವಾನಿಯ ಒಳಗೆ ಇಬ್ಬರಿದ್ದಾರೆ: ಶಾರ್ಜಾದಲ್ಲಿ ಬದಲಾದವನೊಬ್ಬ, ಅಬ್ಬೆಯ ನೆನಪಿನಲ್ಲಿ ಹಾಗೆಯೇ ಉಳಿದವನೊಬ್ಬ. ಊರನ್ನು ನೆನೆದು ನಾಲ್ಕು ಪುಟ ತುಂಬಿಸಿದ ನಿಮ್ಮ ವರ್ಣನೆಗಿಂತ ಈ ಅಂಗಿ ಹೆಚ್ಚು ಹೇಳುತ್ತದೆ, ಏಕೆಂದರೆ ಅಬ್ಬೆ ಇಲ್ಲಿ ತಪ್ಪನ್ನೇ ಮಾಡಿಲ್ಲ. ತನಗೆ ಗೊತ್ತಿರುವ ಮಗನ ಅಳತೆಯನ್ನು ಕೊಟ್ಟಿದ್ದಾಳೆ.

ಇದನ್ನು ಅಂಕೆಗಳಲ್ಲಿಯೇ ಕೂಡಿಸಿ ನೋಡೋಣ, ಕತೆಗೆ ಅದು ಬೇಕು. ಊರು ಬಿಡುವಾಗ ಅವನ ಎದೆಯ ಸುತ್ತಳತೆ 38 ಇಂಚು ಇತ್ತು, ಅಂಗಿಯದು 42 ಇತ್ತು ಎಂದಿಟ್ಟುಕೊಳ್ಳಿ. ಉಸಿರಾಡಲು, ಕೈಯಾಡಿಸಲು ಮೈಯಳತೆಗಿಂತ ಮೂರು ನಾಲ್ಕು ಇಂಚು ಹೆಚ್ಚು ಬೇಕಾಗುತ್ತದೆ. ದರ್ಜಿ 42ಕ್ಕೆ ಹೊಲಿದ. ಈಗ ಅವನ ಎದೆ 41 ಆಗಿದೆ; ಬೇಕಾಗಿರುವುದು 44 ಇಲ್ಲವೇ 45. ಮದುವೆಗೆ ಮೂರು ದಿನವಿರುವಾಗ ಬಂದಿಳಿದವನು ತೊಟ್ಟು ನೋಡುತ್ತಾನೆ, ಗುಂಡಿ ಹಾಕಿದರೆ ಎದೆಯಲ್ಲಿ ಅಡ್ಡ ಸುಕ್ಕು ಬೀಳುತ್ತದೆ. ಎರಡೂ ಪಕ್ಕದ ಹೊಲಿಗೆಯ ಒಳಗೆ ಮಡಿಸಿ ಬಿಟ್ಟ ಬಟ್ಟೆ ಇದ್ದರೆ ದರ್ಜಿ ಅದನ್ನು ಬಿಚ್ಚಿ ಬಿಡಬಲ್ಲ. ಒಂದೊಂದು ಪಕ್ಕದಲ್ಲಿ ಹಿಂದಿನದೂ ಮುಂದಿನದೂ ಸೇರಿ ಎರಡು ಅಂಚು, ಒಟ್ಟು ನಾಲ್ಕು. ಒಂದೊಂದರಲ್ಲಿ ಅರ್ಧ ಇಂಚು ಬಿಟ್ಟರೂ 2 ಇಂಚು ಸಿಗುತ್ತದೆ, 44ಕ್ಕೆ ಮುಟ್ಟುತ್ತದೆ. ಹೆಗಲನ್ನು ಮಾತ್ರ ಹಾಗೆ ಹಿಗ್ಗಿಸಲಾಗುವುದಿಲ್ಲ, ಆದ್ದರಿಂದ ಹೆಗಲ ಅಳತೆ ಬದಲಾಗಿಲ್ಲ ಎಂದೇ ಬರೆಯಿರಿ. ವಯಸ್ಸಿಗೆ ಬಂದವನ ಮೈ ತುಂಬಿದರೂ ಹೆಗಲ ಮೂಳೆ ಬೆಳೆಯುವುದಿಲ್ಲವಾದ್ದರಿಂದ ಅದು ಒಪ್ಪುತ್ತದೆ.

ಈಗ ಬಿಚ್ಚಿದ ಹೊಲಿಗೆಯ ಹತ್ತಿರಕ್ಕೆ ಬನ್ನಿ. ರೇಷ್ಮೆಯ ಮೇಲೆ ಹಳೆಯ ಹೊಲಿಗೆ ಹೋದ ಜಾಗದಲ್ಲಿ ಸೂಜಿಯ ಸಣ್ಣ ತೂತುಗಳ ಸಾಲೊಂದು ಉಳಿಯುತ್ತದೆ, ಇಸ್ತ್ರಿ ಹಾಕಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ಕಂಕುಳಿಂದ ಸೊಂಟದವರೆಗೆ, ಹೊಸ ಹೊಲಿಗೆಯ ಅರ್ಧ ಇಂಚು ಆಚೆಗೆ, ಮೂರು ವರ್ಷದ ಹಿಂದಿನ ಹುಡುಗನ ಗಡಿ ಅಲ್ಲಿದೆ. ತೋಳು ಕೆಳಗಿರುವವರೆಗೆ ಯಾರಿಗೂ ಕಾಣದು. ತೋಳೆತ್ತಿದಾಗ ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ. ಯಾರು ನೋಡಬೇಕು ಎಂಬುದನ್ನು ನೀವು ನಿರ್ಧರಿಸಿ. ನನಗೆ ಕೇಳಿದರೆ ತಂಗಿ ನೋಡಲಿ, ನೋಡಿ ಏನನ್ನೂ ಹೇಳದಿರಲಿ.

ಇದಕ್ಕಾಗಿ ಮದುವೆಯ ದೃಶ್ಯವನ್ನು ನೀವು ಹೇಗೂ ಬದಲಿಸಬೇಕಾಗುತ್ತದೆ, ಏಕೆಂದರೆ ಅಲ್ಲಿ ಇನ್ನೊಂದು ತಪ್ಪಿದೆ. ಲಾಜಾಹೋಮದಲ್ಲಿ ಅಣ್ಣ ಶೇರ್ವಾನಿ ತೊಟ್ಟು ನಿಂತಿದ್ದಾನೆ. ತಂಗಿಯ ಬೊಗಸೆಗೆ ಹೊದಳು ಹಾಕುವುದು ಅಣ್ಣನಿಗೆ ಸಲ್ಲುವ ಕೆಲಸ, ಅಗ್ನಿಯ ಮುಂದೆ ಅದನ್ನು ಅವನು ಪಂಚೆ, ಶಲ್ಯದಲ್ಲಿ ಮಾಡುತ್ತಾನೆ. ನಮ್ಮ ಕಡೆಯ ಓದುಗರು ಆ ಸಾಲಿನಲ್ಲೇ ಪುಟ ಮುಚ್ಚುತ್ತಾರೆ. ಆದರೆ ಈ ತಪ್ಪು ತಿದ್ದಿದರೆ ನಿಮಗೇ ಲಾಭ: ಹಗಲಿನಲ್ಲಿ ಅಳತೆಯ ಹಂಗಿಲ್ಲದ ಪಂಚೆ, ಎಷ್ಟು ದಪ್ಪವಾದರೂ ಸುತ್ತಿ ಉಡಬಹುದಾದದ್ದು, ಸಂಜೆಯ ರಿಸೆಪ್ಶನ್ನಿನಲ್ಲಿ ಶೇರ್ವಾನಿ, ಒಂದಿಂಚು ತಪ್ಪಿದರೂ ಹೇಳಿಬಿಡುವಂಥದು. ಇವೆರಡನ್ನು ಹೋಲಿಸಿ ಒಂದು ಮಾತನ್ನೂ ಬರೆಯಬೇಡಿ, ಅಕ್ಕಪಕ್ಕದಲ್ಲಿ ಇಟ್ಟರೆ ಸಾಕು.

ಸಣ್ಣ ತಿದ್ದುಪಡಿಗಳು ಎರಡಿವೆ. ಶಾರ್ಜಾದ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆಯಷ್ಟೇ ಹಿಂದಿದೆ. ಇಲ್ಲಿ ರಾತ್ರಿ 9:30 ಆಗಿದ್ದಾಗ ಅಲ್ಲಿ 8 ಗಂಟೆ, ನೀವು ಬರೆದಂತೆ ಮಧ್ಯಾಹ್ನವಲ್ಲ. ಅಣ್ಣ ತಂಗಿಯರು ಫೋನಿನಲ್ಲಿ "ಹೇಗಿದೆ ಹೇಳು ಸಹೋದರಾ" ಎಂದು ಮಾತಾಡುವುದನ್ನು ಬಿಡಿ. "ಅಣ್ಣಾ, ಹೇಂಗಿದ್ದು?" ಎಂದು ಅವಳು ಕೇಳಲಿ, ಉಳಿದ ನಿರೂಪಣೆ ಈಗಿರುವಂತೆ ಬರಹದ ಕನ್ನಡದಲ್ಲೇ ಇರಲಿ.

ಮೂರನೆಯ ಪುಟದ ಆ ವಾಕ್ಯವನ್ನು ಅಳಿಸಬೇಕಾಗಿಲ್ಲ. ಅದನ್ನು ನಿಮ್ಮ ಬಾಯಿಂದ ತೆಗೆದು ಅವನ ಬಾಯಿಗೆ ಕೊಡಿ: ಚಿತ್ರವನ್ನು ತಂಗಿಗೆ ಕಳುಹಿಸುತ್ತಾ ಅವನೇ ಹಾಗೆ ಬರೆಯಲಿ, ಅವಳು ಅದನ್ನು ಅಬ್ಬೆಗೆ ಓದಿ ಹೇಳಲಿ, ಅದೇ ಹೊತ್ತಿಗೆ ಅಬ್ಬೆ ಅಂಗಿಯನ್ನು ಮಡಿಸಿ ಚೀಲಕ್ಕೆ ಹಾಕುತ್ತಿರಲಿ. ಊರಿನ ನೆನಪಿನ ನಾಲ್ಕು ಪುಟಗಳಲ್ಲಿ ಅಡಕೆ ಅಂಗಳದ ಒಂದು ಪ್ಯಾರಾ ಉಳಿಸಿಕೊಂಡು ಮಿಕ್ಕದ್ದನ್ನು ತೆಗೆಯಿರಿ. ಹೊಸ ಪ್ರತಿ ಬಂದಾಗ ನಾನು ಮೊದಲು ಓದುವುದು ದರ್ಜಿ ಹೊಲಿಗೆ ಬಿಚ್ಚುವ ಪುಟವನ್ನು.

ನಿಮ್ಮ,
ಸಂಪಾದಕ