ಸೋರುವ ತಾರಸಿ ಮತ್ತು ಮೂರು ಮನೆಗಳು

‘ಮಾನ್ಯ ಸಂಪಾದಕರೇ, ವಿನೋಬನಗರದ ಹಳೆಯ ಅಪಾರ್ಟ್‌ಮೆಂಟೊಂದರ ಕುರಿತು ನಾನು ಬರೆದ ಕಥೆಯನ್ನು “ಕಟ್ಟಡ ಇನ್ನೂ ಪಾತ್ರವಾಗಿಲ್ಲ” ಎಂಬ ಟಿಪ್ಪಣಿಯೊಂದಿಗೆ ಹಿಂದಿರುಗಿಸಿದ್ದೀರಿ. ಮೊದಲ ಎರಡು ಪುಟಗಳನ್ನು ಕಟ್ಟಡದ ವರ್ಣನೆಗೇ ಮೀಸಲಿಟ್ಟಿದ್ದೇನೆ. ಅದು ಪಾತ್ರವಾಗಲು ಇನ್ನೇನು ಬೇಕು?’
— ಓದುಗರೊಬ್ಬರು, ಶಿವಮೊಗ್ಗ

ಮಾನ್ಯರೇ,

ತೊಡಕು ಇರುವುದು ಆ ಎರಡು ಪುಟಗಳಲ್ಲೇ. ಬಿರುಕು ಬಿಟ್ಟ ಗೋಡೆ, ಪಾಚಿಗಟ್ಟಿದ ಮೆಟ್ಟಿಲು, ತುಕ್ಕು ಹಿಡಿದ ಗ್ರಿಲ್ಲು ಎಲ್ಲವೂ ಅಲ್ಲಿವೆ. ಆದರೆ ಮೂರನೆಯ ಪುಟದಿಂದ ಮುಂದೆ ಅವುಗಳಲ್ಲಿ ಒಂದೂ ಯಾರ ದಾರಿಗೂ ಅಡ್ಡ ಬರುವುದಿಲ್ಲ. ನಿಮ್ಮ ಮೇಷ್ಟರು, ಬಾಡಿಗೆಯ ದಂಪತಿ, ಕೆಳಮನೆಯ ವಿಧವೆ ಈ ಮೂವರ ನಡುವಿನ ಮನಸ್ತಾಪವನ್ನು ದಾವಣಗೆರೆಯ ಹೊಸ ಬಡಾವಣೆಗೆ ಸಾಗಿಸಿದರೂ ಒಂದು ಸಾಲನ್ನೂ ತಿದ್ದಬೇಕಾಗಿಲ್ಲ. ಹಾಗಿರುವಾಗ ಅದು ಹಿನ್ನೆಲೆಯ ಪರದೆ ಮಾತ್ರ. ‘ಮುದಿ ಕಟ್ಟಡ ಮಳೆಯಲ್ಲಿ ಅಳುತ್ತಿತ್ತು’ ಎಂದು ನೀವು ಒಂದೆಡೆ ಬರೆದಿರುವುದೂ ಇದಕ್ಕೆ ಪರಿಹಾರವಲ್ಲ. ಅಳುವ ಕಟ್ಟಡಕ್ಕಿಂತ, ತನ್ನ ಪಾಡಿಗೆ ಸೋರುತ್ತ ಇತರರನ್ನು ಅಳಿಸುವ ಕಟ್ಟಡ ಕಥೆಗಾರನಿಗೆ ಹೆಚ್ಚು ಉಪಯುಕ್ತ.

ಆದ್ದರಿಂದ ಎಲ್ಲವನ್ನೂ ಬಿಟ್ಟು ತಾರಸಿಯ ಸೋರಿಕೆಯೊಂದನ್ನೇ ಹಿಡಿಯಿರಿ ಎಂದು ಸೂಚಿಸುತ್ತೇನೆ. ಅದು ನಡೆದುಕೊಳ್ಳುವ ರೀತಿಯನ್ನು ನೀವು ಮೇಸ್ತ್ರಿಯಷ್ಟೇ ಚೆನ್ನಾಗಿ ತಿಳಿದಿರಬೇಕು. ಪಕ್ಕದ ಮರದ ಎಲೆ ಉದುರಿ ತಾರಸಿಯ ನೀರು ಹೋಗುವ ಕಿಂಡಿ ಕಟ್ಟಿಕೊಳ್ಳುತ್ತದೆ; ಆಷಾಢದ ಮಳೆ ಹಿಡಿದಾಗ ನೀರು ಅಲ್ಲೇ ನಿಲ್ಲುತ್ತದೆ; ನಿಂತ ನೀರು ಕೂದಲೆಳೆಯಷ್ಟು ಸೀಳಿನಿಂದ ಮೋಲ್ಡಿನೊಳಕ್ಕೆ ಇಳಿದು ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ, ಸರಳು ಒಳಗಿನಿಂದಲೇ ಕಾಂಕ್ರೀಟನ್ನು ನೂಕುತ್ತದೆ. ಮೊದಲು ಸರಳಿನ ಗುಂಟ ಕಂದು ಗೆರೆ ಮೂಡುತ್ತದೆ, ಆಮೇಲೆ ಕೋಲಿನಿಂದ ಕುಟ್ಟಿದರೆ ಸೂರು ಪೊಳ್ಳು ಸದ್ದು ಕೊಡುತ್ತದೆ, ಕೊನೆಗೊಂದು ದಿನ ಗಾರೆಯ ಹೆಂಟೆ ಕಳಚಿ ಬೀಳುತ್ತದೆ. ಅದು ಬೀಳುವುದು ಮಳೆಗಾಲದಲ್ಲೇ ಆಗಬೇಕೆಂದೇನೂ ಇಲ್ಲ. ಒಳಗೆ ಬಿಗಿ ತಪ್ಪಿದ ಗಾರೆ ಚಳಿಗಾಲದ ಒಂದು ಮಧ್ಯಾಹ್ನವೂ ಉದುರಬಹುದು.

ಈ ವ್ಯವಹಾರದಲ್ಲಿ ಕಥೆಗೆ ಮುಖ್ಯವಾದದ್ದು ಬೇರೆಯೇ ಇದೆ: ನೀರು ಒಳಹೊಕ್ಕ ಜಾಗದಲ್ಲೇ ಹೊರಬರುವುದಿಲ್ಲ. ಮೋಲ್ಡಿನಲ್ಲಿ ಹುದುಗಿಸಿದ ವೈರಿನ ಪೈಪು ಸಿಕ್ಕಿದರೆ ಅದರೊಳಗೇ ಹರಿದು, ಕೋಣೆಯ ನಟ್ಟನಡುವೆ ಫ್ಯಾನಿನ ಕೊಕ್ಕೆಯಿಂದ ತೊಟ್ಟಿಕ್ಕುತ್ತದೆ; ಗೋಡೆಯ ಗುಂಟ ಇಳಿದರೆ ಒಂದು ಅಂತಸ್ತು ಕೆಳಗೆ ಕಲೆ ಮೂಡಿಸುತ್ತದೆ. ನಿಮ್ಮ ನಡುಮನೆಯ ದಂಪತಿಗೆ ಕಾಣುವುದು ಕಲೆ ಮಾತ್ರ. ಅದು ಮೇಲಿನ ಮೇಷ್ಟರ ಬಚ್ಚಲಿನ ಕೆಳಗೇ ಇರುವುದರಿಂದ ತಪ್ಪು ಮೇಷ್ಟರದೇ ಎಂದು ಅವರು ತೀರ್ಮಾನಿಸುತ್ತಾರೆ. ಮೇಷ್ಟರು ಬಚ್ಚಲು ಅಗೆಸಿ ನೋಡುತ್ತಾರೆ, ಅಲ್ಲಿ ಏನೂ ಸಿಗುವುದಿಲ್ಲ, ಖರ್ಚು ಮಾತ್ರ ಆಗುತ್ತದೆ. ಯಾರೂ ಸುಳ್ಳು ಹೇಳದೆಯೇ ಎರಡು ಮನೆಗಳ ನಡುವೆ ಮಾತು ನಿಂತುಹೋಗುತ್ತದೆ. ಜಗಳ ಹಚ್ಚಲು ನೀವು ಕರೆತಂದಿರುವ ಆ ಚಾಡಿಕೋರ ಭಾವಮೈದುನ ಇಲ್ಲಿ ಬೇಕಾಗಿಲ್ಲ. ಆ ಕೆಲಸವನ್ನು ಕಟ್ಟಡವೇ ಮಾಡಿದೆ.

ಇನ್ನು ಇದೇ ಕಟ್ಟಡ ಜನರ ಮೈಗೆ ಯಾವ ಅಭ್ಯಾಸಗಳನ್ನು ಕಲಿಸಿದೆ ಎಂಬುದನ್ನು ನೋಡಬೇಕು. ಮೇಷ್ಟರು ಸೋರಿಕೆ ತಾಳಲಾರದೆ ನಮ್ಮ ಊರಿನ ರೂಢಿಯಂತೆ ತಾರಸಿಯ ಮೇಲೆ ತಗಡಿನ ಶೀಟು ಹೊದಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಕೂಗದಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಹಲವು ಮಳೆಗಾಲಗಳು ಕಳೆದ ಮೇಲೆ ಆ ಮನೆಯವರು ಮಾರ್ಚ್ ತಿಂಗಳ ನಿಶ್ಶಬ್ದದಲ್ಲೂ ಏರುದನಿಯಲ್ಲೇ ಮಾತನಾಡುತ್ತಾರೆ. ‘ಕಾಫಿ ಆಯ್ತಾ’ ಎಂಬ ಪ್ರಶ್ನೆ ಕೆಳಗಿನವರಿಗೆ ಗದರಿಕೆಯಂತೆ ಕೇಳಿಸುತ್ತದೆ. ನಡುಮನೆಯಲ್ಲಿ ಬೀರು ಗೋಡೆಯಿಂದ ಒಂದು ಗೇಣು ಈಚೆಗೆ ಬಂದು ನಿಂತಿದೆ, ಹಾಸಿಗೆ ಹಾಲಿಗೆ ಬಂದಿದೆ, ಆದ್ದರಿಂದ ಗಂಡಹೆಂಡಿರ ಖಾಸಗಿ ಮಾತು ಮಗಳು ನಿದ್ದೆ ಹೋಗುವವರೆಗೆ ಕಾಯಬೇಕಾಗಿದೆ. ಕೆಳಮನೆಯ ವಿಧವೆಯ ಬಾಗಿಲ ಪಕ್ಕದಲ್ಲೇ ಸಂಪು ಮತ್ತು ಮೋಟಾರಿನ ಸ್ವಿಚ್ಚು ಇರುವುದರಿಂದ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರು ಊರಿಗೆ ಹೋಗಿದ್ದಾರೆ ಎಂಬುದು ಆಕೆಗೆ ನೀರಿನ ಖರ್ಚಿನಿಂದಲೇ ಗೊತ್ತಾಗುತ್ತದೆ. ನಿಮ್ಮ ಕಥೆಯಲ್ಲಿ ಆಕೆ ‘ಕುತೂಹಲದ ಸ್ವಭಾವದವಳು’ ಎಂದಿದೆ. ಆ ಸ್ವಿಚ್ಚನ್ನು ಆಕೆಯ ಕೈಗೆ ಕೊಟ್ಟರೆ ಸ್ವಭಾವದ ಮಾತೇ ಬೇಡ.

ಕಾಲದ ವಿಚಾರವನ್ನೂ ನೀವು ಬಿಟ್ಟಿದ್ದೀರಿ. ನಿಮ್ಮ ಕಟ್ಟಡ ವರ್ಷವಿಡೀ ಒಂದೇ ರೀತಿ ಹಾಳಾಗಿದೆ, ಮಲೆನಾಡಿನ ಯಾವ ಕಟ್ಟಡವೂ ಹಾಗಿರುವುದಿಲ್ಲ. ಏಪ್ರಿಲ್‌ನಲ್ಲಿ ಗೋಡೆಗಳು ಒಣಗಿ, ಮಾಲೀಕರು ಬಳಿಸಿದ ಹೊಸ ಬಣ್ಣದಲ್ಲಿ ಕಟ್ಟಡ ಸಂಭಾವಿತನಂತೆ ನಿಂತಿರುತ್ತದೆ. ಶಾಲೆ ಶುರುವಾಗುವ ಮೊದಲು ಮನೆ ಹುಡುಕುವವರು ಬರುವುದೂ ಆಗಲೇ. ಜುಲೈನಲ್ಲಿ ಬಣ್ಣ ಗುಳ್ಳೆಯೆದ್ದು, ಬೀರುವಿನಲ್ಲಿದ್ದ ಮದುವೆಯ ಸೀರೆಯ ಮಡಿಕೆಗಳಿಗೆ ಬೂಷ್ಟು ಹಿಡಿಯುವ ಹೊತ್ತಿಗೆ ಮುಂಗಡದ ಹಣ ಮಾಲೀಕರ ಕೈ ಸೇರಿ ಬಹಳ ದಿನವಾಗಿರುತ್ತದೆ. ದಂಪತಿಯನ್ನು ಏಪ್ರಿಲ್‌ನಲ್ಲಿ ಆ ಮನೆಗೆ ಕರೆತನ್ನಿ. ಆಗ ಓದುಗರೂ ಅವರೊಡನೆ ಮೋಸಹೋಗುತ್ತಾರೆ, ಎರಡು ಪುಟಗಳ ವರ್ಣನೆ ತಾನಾಗಿಯೇ ಬಿದ್ದುಹೋಗುತ್ತದೆ.

ಒಂದು ಎಚ್ಚರಿಕೆ. ಎಲ್ಲಕ್ಕೂ ಕಟ್ಟಡವೇ ಕಾರಣ ಎಂದಾದರೆ ಜನರು ಸೂತ್ರದ ಗೊಂಬೆಗಳಾಗುತ್ತಾರೆ. ಒಂದೇ ಸೂರಿನಡಿ ಗಂಡ ಬಕೆಟ್ ಇಟ್ಟು ಸುಮ್ಮನಾಗಲಿ, ಹೆಂಡತಿ ಏಣಿ ಹತ್ತಿ ಕಿಂಡಿಗೆ ಕೈಹಾಕಲಿ. ಹಾಗೆಯೇ ನಿವಾಸಿಗಳೂ ಕಟ್ಟಡವನ್ನು ಬದಲಿಸುತ್ತಿರಬೇಕು: ಶೀಟು ನಿಲ್ಲಿಸಲು ಮೇಷ್ಟರು ಬೋಲ್ಟು ಕೊರೆಸಿದ ತೂತುಗಳೇ ಮುಂದಿನ ವರ್ಷದ ಸೋರಿಕೆಗೆ ದಾರಿಯಾದರೆ, ಕಟ್ಟಡ ಅವರಿಗೆ ಉತ್ತರ ಕೊಟ್ಟಂತಾಗುತ್ತದೆ.

ಅಂತ್ಯದ ಕುಸಿತವನ್ನು ದಯವಿಟ್ಟು ತೆಗೆಯಿರಿ. ಅದು ಪಾತ್ರಗಳನ್ನು ತೀರ್ಮಾನದಿಂದ ಪಾರುಮಾಡುವ ಸುಲಭದ ಉಪಾಯ. ಅದರ ಬದಲು ದುರಸ್ತಿಯ ಅಂದಾಜುಪಟ್ಟಿಯೊಂದು ಬರಲಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಟ್ಟ ಕಟ್ಟಡದಲ್ಲಿ ಸೂರು ಎಲ್ಲ ಮಾಲೀಕರಿಗೂ ಸೇರಿದ ಭಾಗ. ಅದರ ದುರಸ್ತಿಯ ಖರ್ಚಿನಲ್ಲಿ ಕೆಳಮನೆಯವರಿಗೂ ಪಾಲಿದೆ. ಆದರೆ ಕೆಳಮನೆಗೆ ಒಂದು ಹನಿಯೂ ಇಳಿದಿಲ್ಲ. ನಡುಮನೆಯವರು ಬಾಡಿಗೆಯವರು, ಅವರ ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಮೇಷ್ಟರು ಶೀಟಿಗೆ ಆಗಲೇ ಹಣ ಸುರಿದಿದ್ದಾರೆ. ಅಂದಾಜುಪಟ್ಟಿ ಮೆಟ್ಟಿಲಿನ ಬಳಿ ಮೂರು ಮನೆಗಳ ನಡುವೆ ಕೈಬದಲಾಗಲಿ. ಮೊದಲು ಸಹಿ ಹಾಕುವವರು ಯಾರು, ಯಾಕೆ ಎಂಬುದನ್ನು ಬರೆದ ಮೇಲೆ ಕಥೆಯನ್ನು ಮತ್ತೆ ಕಳುಹಿಸಿರಿ.

— ಸಂಪಾದಕ