ಫೋಟೋದಲ್ಲಿರುವ ಸಂಬಳದ ಸ್ಲಿಪ್‌ನಿಂದ ಕೈಗೆ ಬಂದ ಮೊತ್ತ, ಕಡಿತದ ಪರ್ಸೆಂಟ್ ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ: ನನ್ನ ತಮ್ಮ ಜೂನ್ ತಿಂಗಳ ಸಂಬಳದ ಸ್ಲಿಪ್ ಫೋಟೋ ತೆಗೆದು ಕಳಿಸಿದ್ದಾನೆ. ಸಂಬಳ 30 ಸಾವಿರ ಅಂತಾನೆ, ಆದ್ರೆ ಕೈಗೆ 22 ಸಾವಿರ ಚಿಲ್ಲರೆ ಬಂತಂತೆ. ನೆಟ್ ಪೇ ಸಾಲು ಫೋಟೋದಲ್ಲಿ ಕಟ್ ಆಗಿದೆ, ಪಿಎಫ್ ಅಂಕಿ ಮೇಲೆ ಮಡಿಕೆ ಬಿದ್ದಿದೆ. ಗಳಿಕೆ ಕೂಡಿದ್ರೆ ನನಗೆ 28,027 ಬರ್ತಿದೆ, ಸ್ಲಿಪ್‌ನಲ್ಲಿ 28,000 ಇದೆ. ಯಾವುದು ಎಷ್ಟು ಪರ್ಸೆಂಟ್ ಕಟ್ ಆಗಿದೆ ಅಂತ ಹೇಗೆ ನೋಡೋದು?

ಉತ್ತರ:

ಮೊದಲು ಒಂದು ಕೆಲಸ ಮಾಡಿ. ನೀವು ಹಾಕಿರುವ ಫೋಟೋದಲ್ಲಿ ತಮ್ಮನ ಬ್ಯಾಂಕ್ ಖಾತೆ ನಂಬರ್, ಪಿಎಫ್‌ನ ಯುಎಎನ್ ಎರಡೂ ಸ್ಪಷ್ಟವಾಗಿ ಕಾಣುತ್ತಿವೆ. ಅದನ್ನು ತೆಗೆದು, ಮೇಲಿನ ಭಾಗ ಮುಚ್ಚಿ ಮತ್ತೆ ಹಾಕಿ. ಲೆಕ್ಕಕ್ಕೆ ಅಂಕಿಗಳಷ್ಟೇ ಸಾಕು.

ನಾನು ಪೀಣ್ಯ ಕಡೆ ಒಂದು ಮೆಷಿನ್ ಶಾಪ್‌ನಲ್ಲಿ ಹನ್ನೊಂದು ವರ್ಷದಿಂದ ಸಂಬಳದ ಲೆಕ್ಕ ನೋಡುತ್ತಿದ್ದೇನೆ. ಪ್ರತಿ ತಿಂಗಳು ಏಳನೇ ತಾರೀಖಿನ ಆಸುಪಾಸಿನಲ್ಲಿ ಯಾರಾದರೂ ಮೊಬೈಲ್ ಹಿಡಿದುಕೊಂಡು ಬಂದು ಇದೇ ಪ್ರಶ್ನೆ ಕೇಳುತ್ತಾರೆ. ನಿಮ್ಮ ಫೋಟೋದಲ್ಲಿ ಮೂರು ಕಡೆ ತೊಡಕಿದೆ, ಆದರೆ ಎಲ್ಲಕ್ಕೂ ಉತ್ತರ ಅದೇ ಫೋಟೋದಲ್ಲಿದೆ.

ಎಡಗಡೆ ಸರಿಯಾಗಿ ನೋಡಿ. ಗಳಿಕೆ ಅಂತ ನೀವು ಹೇಳುತ್ತಿರುವ ಕಡೆ ಒಂದು ಕಾಲಂ ಅಲ್ಲ, ಎರಡು ಇವೆ. ಒಂದರ ತಲೆಯ ಮೇಲೆ 'ರೇಟ್' ಅಂತಿದೆ, ಪಕ್ಕದ್ದರ ಮೇಲೆ 'ಅರ್ನ್ಡ್' ಅಂತಿದೆ. ರೇಟ್ ಅಂದರೆ ತಿಂಗಳು ಪೂರ್ತಿ ಕೆಲಸ ಮಾಡಿದ್ದರೆ ಬರಬೇಕಿದ್ದ ಸಂಬಳ: ಬೇಸಿಕ್ ಮತ್ತು ಡಿಎ ಸೇರಿ 16,500, ಎಚ್‌ಆರ್‌ಎ 6,600, ಕನ್ವೇಯನ್ಸ್ 1,600, ಸ್ಪೆಷಲ್ ಅಲೋವೆನ್ಸ್ 5,300, ಒಟ್ಟು 30,000. ತಮ್ಮ ಹೇಳುವ 30 ಸಾವಿರ ಇದೇ. ಅರ್ನ್ಡ್ ಅಂದರೆ ಆ ತಿಂಗಳು ನಿಜವಾಗಿ ಲೆಕ್ಕಕ್ಕೆ ಬಂದದ್ದು. ಮೇಲೆ ಸಣ್ಣ ಅಕ್ಷರದಲ್ಲಿ 'ಪೇ ಡೇಸ್ 28, ಎಲ್‌ಒಪಿ 2' ಅಂತಿದೆ ನೋಡಿ. ಎರಡು ದಿನ ಸಂಬಳವಿಲ್ಲದ ರಜೆ ಆಗಿದೆ. ಜೂನ್‌ಗೆ 30 ದಿನ, ಹಾಗಾಗಿ ಪ್ರತಿ ಸಾಲನ್ನೂ 30ರಿಂದ ಭಾಗಿಸಿ 28ರಿಂದ ಗುಣಿಸಿದ್ದಾರೆ. 16,500 ಹೋಗಿ 15,400 ಆಗಿದೆ, 6,600 ಹೋಗಿ 6,160 ಆಗಿದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಆ ಎರಡು ದಿನಕ್ಕೆ ಹೋದ 2,000 ರೂಪಾಯಿ ಬಲಗಡೆಯ ಕಡಿತದ ಕಾಲಂನಲ್ಲಿ ಎಲ್ಲೂ ಇಲ್ಲ. ಅದು ಎಡಗಡೆಯಲ್ಲೇ ಕರಗಿ ಹೋಗಿದೆ. ಕಡಿತದ ಕಾಲಂ ಮಾತ್ರ ಕೂಡಿ ನೋಡಿದವರಿಗೆ 30 ಸಾವಿರದ ಲೆಕ್ಕ ಯಾವತ್ತೂ ಹೊಂದುವುದಿಲ್ಲ, ಆಮೇಲೆ ಆಫೀಸಿನವರು ಮೋಸ ಮಾಡಿದ್ದಾರೆ ಅನ್ನುವ ಅನುಮಾನ ಶುರುವಾಗುತ್ತದೆ.

ಈಗ ನಿಮ್ಮ 28,027ಕ್ಕೆ ಬರೋಣ. ನಿಮಗೆ ಬಂದದ್ದಕ್ಕೂ ಸ್ಲಿಪ್‌ನಲ್ಲಿ ಇರುವುದಕ್ಕೂ 27 ರೂಪಾಯಿ ವ್ಯತ್ಯಾಸ. 27 ಒಂಬತ್ತರಿಂದ ಭಾಗವಾಗುತ್ತದೆ. ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲೋ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರಬಹುದು ಅಂತ ಲೆಕ್ಕ ಬರೆಯುವವರು ಮೊದಲು ಹುಡುಕುತ್ತಾರೆ. ಫೋಟೋ ದೊಡ್ಡದು ಮಾಡಿ ನೋಡಿದೆ, ಸ್ಪೆಷಲ್ ಅಲೋವೆನ್ಸ್ 4,947 ಇದೆ. ನೀವು 4,974 ಅಂತ ಬರೆದುಕೊಂಡಿರಬೇಕು. 5,300ನ್ನು 30ರಿಂದ ಭಾಗಿಸಿ 28ರಿಂದ ಗುಣಿಸಿದರೂ 4,946.67 ಬರುತ್ತದೆ, ಅಂದರೆ 4,947 ಸರಿ. ಈಗ 15,400, 6,160, 1,493, 4,947 ಕೂಡಿ. ಸರಿಯಾಗಿ 28,000.

ಮಸುಕಾದ ಫೋಟೋಗಳಲ್ಲಿ ಇನ್ನೊಂದು ಬಗೆಯ ತಪ್ಪೂ ಆಗುತ್ತದೆ. 3 ಮತ್ತು 8 ಒಂದೇ ಥರ ಕಾಣುತ್ತವೆ. ಅವೆರಡರ ನಡುವೆ 5 ವ್ಯತ್ಯಾಸ, ಹಾಗಾಗಿ ಲೆಕ್ಕ 5, 50 ಅಥವಾ 500 ಆಚೀಚೆ ಆಗುತ್ತದೆ. 1 ಮತ್ತು 7 ಆದರೆ 6, 60, 600. ಅಂದರೆ ಎಷ್ಟು ತಪ್ಪಿದೆ ಅನ್ನೋದೇ ಎಲ್ಲಿ ತಪ್ಪಿದೆ ಅಂತ ತೋರಿಸುತ್ತದೆ. ಒಂದೆರಡು ರೂಪಾಯಿ ವ್ಯತ್ಯಾಸ ಮಾತ್ರ ಬಂದರೆ ಅದು ಪೈಸೆ ರೌಂಡ್ ಮಾಡಿದ್ದು ಇರಬಹುದು, ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಬಲಗಡೆ. ಪಿಎಫ್ 1,8_8 ಅಂತ ಕಾಣುತ್ತಿದೆ, ಮಧ್ಯದ ಅಂಕಿ ಮಡಿಕೆಯಲ್ಲಿ ಹೋಗಿದೆ. ಕೆಳಗೆ ಪಿಟಿ ಅಂದರೆ ವೃತ್ತಿ ತೆರಿಗೆ 200, ಸ್ಯಾಲರಿ ಅಡ್ವಾನ್ಸ್ 2,500, ಕ್ಯಾಂಟೀನ್ 650, ಒಟ್ಟು ಕಡಿತ 5,198. ಕಾಣುವ ಮೂರನ್ನು ಕೂಡಿದರೆ 3,350. ಅದನ್ನು 5,198ರಲ್ಲಿ ಕಳೆದರೆ 1,848. ಇದು ಒಂದು ದಾರಿ. ಇನ್ನೊಂದು ದಾರಿಯಿಂದಲೂ ನೋಡಿ: ಪಿಎಫ್ ಬೇಸಿಕ್ ಮತ್ತು ಡಿಎ ಮೇಲೆ 12 ಪರ್ಸೆಂಟ್. 15,400ಕ್ಕೆ 12 ಪರ್ಸೆಂಟ್ ಅಂದರೆ 1,848. ಎರಡು ದಾರಿಯಲ್ಲೂ ಒಂದೇ ಉತ್ತರ ಬಂತು, ಹಾಗಾಗಿ ಧೈರ್ಯವಾಗಿ ಬರೆದುಕೊಳ್ಳಬಹುದು. ಕೆಲವು ಕಡೆ 15,000ದ ಮಿತಿ ಹಿಡಿದು 1,800 ಮಾತ್ರ ಕಟ್ ಮಾಡುತ್ತಾರೆ, ಅದೂ ತಪ್ಪಲ್ಲ. ಇಲ್ಲಿ ಪೂರ್ತಿ ಬೇಸಿಕ್ ಮೇಲೆ ಮಾಡಿದ್ದಾರೆ.

ಕೈಗೆ ಬಂದದ್ದು 28,000ದಲ್ಲಿ 5,198 ಕಳೆದರೆ 22,802. ನೆಟ್ ಪೇ ಸಾಲು ಕಟ್ ಆಗಿದೆ ಅಂದಿರಿ, ಆದರೆ ಫೋಟೋದ ತೀರಾ ಕೆಳಗಿನ ಅಂಚಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದ ಸಾಲಿನ ಬಾಲ ಉಳಿದಿದೆ: 'ಏಟ್ ಹಂಡ್ರೆಡ್ ಟೂ ಓನ್ಲಿ'. 802 ಹೊಂದಿತು. ಅಂಕಿ ಮಸುಕಾದಾಗ ಈ ಅಕ್ಷರದ ಸಾಲು ಬಹಳ ಸಲ ಕಾಪಾಡುತ್ತದೆ, ಯಾಕೆಂದರೆ ಅಕ್ಷರದಲ್ಲಿ 3 ಮತ್ತು 8 ಒಂದೇ ಥರ ಕಾಣುವುದಿಲ್ಲ. ತಮ್ಮನ ಬ್ಯಾಂಕಿನ ಎಸ್ಸೆಮ್ಮೆಸ್‌ನಲ್ಲೂ 22,802 ಜಮಾ ಅಂತ ಇದ್ದರೆ ಮುಗಿಯಿತು.

ಪರ್ಸೆಂಟ್ ವಿಷಯಕ್ಕೆ ಬಂದರೆ, ಜಾಸ್ತಿ ಜನ ಎಡವುವುದು ಭಾಗಾಕಾರದಲ್ಲಿ ಅಲ್ಲ, ಯಾವುದರಿಂದ ಭಾಗಿಸಬೇಕು ಅನ್ನೋದರಲ್ಲಿ. ಎಡಗಡೆ ಬೇಸಿಕ್, ಅದೇ ಸಾಲಿನಲ್ಲಿ ಬಲಗಡೆ ಪಿಎಫ್. ಎಚ್‌ಆರ್‌ಎ ಪಕ್ಕದಲ್ಲಿ ಪಿಟಿ. ಇವು ಜೋಡಿ ಅಂದುಕೊಂಡು 200ನ್ನು 6,160ರಿಂದ ಭಾಗಿಸಿದವರನ್ನು ನಾನು ನೋಡಿದ್ದೇನೆ. ಅವು ಸುಮ್ನೆ ಒಂದರ ಪಕ್ಕ ಒಂದು ಕೂತಿವೆ ಅಷ್ಟೇ, ಸಂಬಂಧ ಇಲ್ಲ. ನಿಮ್ಮ ಪ್ರಶ್ನೆಗೆ ಬೇಕಾದದ್ದು ಎಲ್ಲ ಕಡಿತವನ್ನೂ ಒಂದೇ ಮೊತ್ತದಿಂದ, ಅಂದರೆ ಗಳಿಸಿದ 28,000ದಿಂದ ಭಾಗಿಸುವುದು:

```
1848 / 28000 * 100 = 6.60
 200 / 28000 * 100 = 0.71
2500 / 28000 * 100 = 8.93
 650 / 28000 * 100 = 2.32
5198 / 28000 * 100 = 18.56
```

ಮೇಲಿಂದ ಕ್ರಮವಾಗಿ ಪಿಎಫ್, ಪಿಟಿ, ಅಡ್ವಾನ್ಸ್, ಕ್ಯಾಂಟೀನ್, ಕೊನೆಗೆ ಒಟ್ಟು. ಮೊದಲ ನಾಲ್ಕನ್ನು ಕೂಡಿದರೆ 18.56 ಬರಬೇಕು, ಬರುತ್ತದೆ. ಉಳಿದ 81.44 ಪರ್ಸೆಂಟ್ ಕೈಗೆ ಬಂದಿದೆ.

'ಪಿಎಫ್ 12 ಪರ್ಸೆಂಟ್ ಅಂತಾರಲ್ಲ, ಇಲ್ಲಿ 6.60 ಯಾಕೆ?' ಅಂತ ನಿಮಗೆ ಅನಿಸಬಹುದು. ಎರಡೂ ನಿಜ. ಕಾನೂನಿನ 12 ಬೇಸಿಕ್ ಮತ್ತು ಡಿಎ ಮೇಲೆ, ನಮ್ಮ 6.60 ಒಟ್ಟು ಗಳಿಕೆ ಮೇಲೆ. ಪಿಟಿಗಂತೂ ಪರ್ಸೆಂಟ್ ಲೆಕ್ಕವೇ ಇಲ್ಲ. ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಅದಕ್ಕಿಂತ ಜಾಸ್ತಿ ಸಂಬಳ ಇದ್ದವರಿಗೆ 200, ಅಷ್ಟೇ. ಫೆಬ್ರವರಿ ತಿಂಗಳು ಮಾತ್ರ 300 ಕಟ್ ಆಗುತ್ತದೆ, ಆಗ ಗಾಬರಿ ಬೇಡ. ನೌಕರರ ಆರೋಗ್ಯ ವಿಮೆಯ ಇಎಸ್‌ಐ ಸಾಲು ನಿಮ್ಮ ತಮ್ಮನ ಸ್ಲಿಪ್‌ನಲ್ಲಿ ಇಲ್ಲ, ಯಾಕೆಂದರೆ ಅದು 21,000ದವರೆಗಿನ ಸಂಬಳಕ್ಕೆ.

ರೇಟ್ ಕಾಲಂ ಹಿಡಿದು ಲೆಕ್ಕ ಹಾಕಿದ್ದೀರಾ ಅಂತ ಗೊತ್ತಾಗಲು ಪಿಎಫ್ ಒಳ್ಳೆಯ ಪರೀಕ್ಷೆ. 1,848ನ್ನು 16,500ರಿಂದ ಭಾಗಿಸಿ 100ರಿಂದ ಗುಣಿಸಿದರೆ 11.2 ಬರುತ್ತದೆ. 12ರ ಬದಲು ಹೀಗೆ ಒಡ್ಡೊಡ್ಡಾಗಿ ಏನಾದರೂ ಬಂದರೆ ತಪ್ಪು ಕಾಲಂನಲ್ಲಿದ್ದೀರಿ ಅಂತ ತಿಳಿಯಿರಿ. ಆದರೆ ಪಿಎಫ್ ಸರಿಯಾಗಿ 1,800 ಇದ್ದ ಸ್ಲಿಪ್‌ಗೆ ಈ ಪರೀಕ್ಷೆ ನಡೆಯೋಲ್ಲ.

ಇನ್ನೊಂದು ಮಾತು. ಈ 18.56ನ್ನು ನೋಡಿ 'ಇಷ್ಟೊಂದು ಹಿಡೀತಾರಾ' ಅಂದುಕೊಳ್ಳಬೇಡಿ. ಇದರಲ್ಲಿ ಅರ್ಧದ ಹತ್ತಿರ, 2,500 ರೂಪಾಯಿ, ತಮ್ಮ ಮೊದಲೇ ಪಡೆದು ಖರ್ಚು ಮಾಡಿದ ಅಡ್ವಾನ್ಸ್ ವಾಪಸ್ ಕಟ್ಟಿದ್ದು. ಕ್ಯಾಂಟೀನ್ 650 ಊಟದ ದುಡ್ಡು. ಕಾನೂನಿನಂತೆ ಹೋದದ್ದು ಪಿಎಫ್ ಮತ್ತು ಪಿಟಿ ಮಾತ್ರ, ಸೇರಿ 2,048, ಅಂದರೆ 7.31 ಪರ್ಸೆಂಟ್. ಅದರಲ್ಲೂ ಪಿಎಫ್ ಅವನ ಹೆಸರಿನಲ್ಲೇ ಇರುತ್ತದೆ, ಜೊತೆಗೆ ಕಂಪನಿಯ ಪಾಲೂ ಸೇರುತ್ತದೆ. ವಾಪಸ್ ಬರದಂತೆ ಹೋದದ್ದು 200 ರೂಪಾಯಿ ಮಾತ್ರ.

ಹಾಗಾದರೆ 30,000ಕ್ಕೂ 22,802ಕ್ಕೂ ನಡುವಿನ 7,198 ಹೀಗೆ ಒಡೆಯುತ್ತದೆ: ರಜೆಗೆ 2,000, ಅಡ್ವಾನ್ಸ್‌ಗೆ 2,500, ಪಿಎಫ್‌ಗೆ 1,848, ಊಟಕ್ಕೆ 650, ವೃತ್ತಿ ತೆರಿಗೆಗೆ 200.

ತಮ್ಮನ ಹತ್ತಿರ ಎರಡು ವಿಷಯ ಕೇಳಿ. ಆ ಎರಡು ದಿನ ನಿಜವಾಗಿ ರಜೆ ಹಾಕಿದ್ದನಾ, ಇಲ್ಲಾ ಪಂಚ್ ಬೀಳದೆ ಹಾಗಾಯಿತಾ? ಪಂಚ್ ಬೀಳದೆ ಎಲ್‌ಒಪಿ ಆಗಿರುವುದನ್ನು ನಾನೇ ಎಷ್ಟೋ ಸಲ ಮುಂದಿನ ತಿಂಗಳ ಸ್ಲಿಪ್‌ನಲ್ಲಿ 'ಅರಿಯರ್ಸ್' ಅಂತ ಹಾಕಿ ಕೊಟ್ಟಿದ್ದೇನೆ. ಸೂಪರ್‌ವೈಸರ್ ಸಹಿ ಇದ್ದರೆ ಸಾಕು, ಆದರೆ ಬೇಗ ಹೇಳಬೇಕು. ಎರಡನೆಯದು, ಪಿಎಫ್ ಪಾಸ್‌ಬುಕ್ ತೆಗೆದು ನೋಡಲಿ. ಜೂನ್‌ನ ಪಿಎಫ್ ಜುಲೈ 15ರೊಳಗೆ ಕಂಪನಿ ಕಟ್ಟಬೇಕು, ಪಾಸ್‌ಬುಕ್‌ನಲ್ಲಿ ಕಾಣಲು ಇನ್ನೂ ಕೆಲವು ದಿನ ಹಿಡಿಯಬಹುದು. ಅಲ್ಲಿ ನೌಕರನ ಪಾಲಿನ ಕಾಲಂನಲ್ಲಿ 1,848 ಅಂತಲೇ ಇರಬೇಕು.